ಇಆರ್‌ಪಿ ಲೈಸೆನ್ಸ್ ನವೀಕರಣ: ರಿಯಾಯಿತಿ ಕೇಳುವ ಮೊದಲು ತಲೆ ಎಣಿಸಿ

ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಖರೀದಿ, ಉತ್ಪಾದನೆ, ಲೆಕ್ಕಪತ್ರಗಳನ್ನೆಲ್ಲ ಒಂದೆಡೆ ನಡೆಸುವ ಅದರ ತಂತ್ರಾಂಶದಲ್ಲಿ, ಅಂದರೆ ಇಆರ್‌ಪಿಯಲ್ಲಿ, 300 ಬಳಕೆದಾರರ ಖಾತೆಗಳಿವೆ. ಒಂದೊಂದಕ್ಕೂ ವರ್ಷಕ್ಕೆ 100 ಯೂನಿಟ್ ಹಣ. ಕರೆನ್ಸಿ ಯಾವುದಾದರೂ ಇರಲಿ, ಲೆಕ್ಕಕ್ಕೆ ಇಷ್ಟು ಸಾಕು. ಮೂರು ವರ್ಷದ ಒಪ್ಪಂದ ಮುಗಿಯುವ ಹೊತ್ತಿಗೆ ವೆಂಡರ್‌ನಿಂದ ಕೋಟೇಶನ್ ಬರುತ್ತದೆ: ಅದೇ 300 ಬಳಕೆದಾರರು, ಶೇ 12 ರಿಯಾಯಿತಿ. ಖರೀದಿ ವಿಭಾಗದವರು ನಾಲ್ಕು ಸಭೆ ನಡೆಸಿ, ಚೌಕಾಸಿ ಮಾಡಿ ಅದನ್ನು ಶೇ 18ಕ್ಕೆ ತರುತ್ತಾರೆ. 30,000 ಯೂನಿಟ್ ಬಿಲ್ಲು 24,600ಕ್ಕೆ ಇಳಿಯಿತೆಂದು ಎಲ್ಲರಿಗೂ ಸಮಾಧಾನ. ಆದರೆ ಅದೇ ಕಾರ್ಖಾನೆಯವರು ಮೊದಲು ಲಾಗಿನ್ ದಾಖಲೆ ತೆರೆದು ನೋಡಿದ್ದರೆ, ಶೇ 1ರಷ್ಟೂ ರಿಯಾಯಿತಿ ಕೇಳದೆ ಬಿಲ್ಲನ್ನು 12,380ಕ್ಕೆ ಇಳಿಸಬಹುದಿತ್ತು. ಅದು ಹೇಗೆ ಎಂಬುದೇ ಈ ಲೇಖನದ ವಿಷಯ.

ಲೈಸೆನ್ಸ್ ಮಾದರಿಗಳೆಂದರೆ ಸಾಮಾನ್ಯವಾಗಿ ಮೂರನ್ನು ಹೇಳುತ್ತಾರೆ: ನೇಮ್ಡ್ ಯೂಸರ್, ಕನ್‌ಕರೆಂಟ್ ಯೂಸರ್, ಸಬ್‌ಸ್ಕ್ರಿಪ್ಷನ್. ಹೀಗೆ ಒಂದೇ ಸಾಲಿನಲ್ಲಿ ನಿಲ್ಲಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಮೊದಲೆರಡು, ತಲೆ ಎಣಿಸುವ ಬಗೆಗಳು. ನೇಮ್ಡ್ ಎಂದರೆ ಹೆಸರಿಗೊಂದು ಲೈಸೆನ್ಸ್. ಆ ವ್ಯಕ್ತಿ ದಿನವಿಡೀ ಕೆಲಸ ಮಾಡಲಿ, ವರ್ಷಕ್ಕೊಮ್ಮೆ ಇಣುಕಲಿ, ಲೆಕ್ಕ ಒಂದೇ. ಕನ್‌ಕರೆಂಟ್ ಎಂದರೆ ಒಂದೇ ಹೊತ್ತಿನಲ್ಲಿ ಎಷ್ಟು ಜನ ಒಳಗಿದ್ದಾರೆ ಎಂಬ ಎಣಿಕೆ. ಖಾತೆ ಎಷ್ಟಾದರೂ ಇರಬಹುದು. ಸಬ್‌ಸ್ಕ್ರಿಪ್ಷನ್ ಬೇರೆಯೇ ಪ್ರಶ್ನೆಗೆ ಉತ್ತರ: ಹಕ್ಕು ನಿಮ್ಮದೋ, ಬಾಡಿಗೆಯದೋ? ಅದರ ಎದುರಾಳಿ ನೇಮ್ಡ್ ಅಲ್ಲ, ಒಮ್ಮೆ ಹಣ ಕೊಟ್ಟು ಕೊಳ್ಳುವ ಶಾಶ್ವತ ಲೈಸೆನ್ಸ್. ಇವತ್ತು ಮಾರಾಟವಾಗುವ ಬಹುಪಾಲು ಇಆರ್‌ಪಿ ಸಬ್‌ಸ್ಕ್ರಿಪ್ಷನ್‌ಗಳಲ್ಲಿ ಎಣಿಕೆ ನಡೆಯುವುದು ಹೆಸರಿನ ಮೇಲೆಯೇ. ಹಾಗಾಗಿ ನವೀಕರಣದ ಮೇಜಿಗೆ ಹೋಗುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಹೇಗೆ ಎಣಿಸುತ್ತಾರೆ? ಕೊಡುವುದನ್ನು ನಿಲ್ಲಿಸಿದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಕನ್‌ಕರೆಂಟ್ ಮಾದರಿ ಹಲವು ದೊಡ್ಡ ವೆಂಡರ್‌ಗಳ ಪಟ್ಟಿಯಿಂದ ಮರೆಯಾಗುತ್ತಿದೆ. ಮೈಕ್ರೋಸಾಫ್ಟ್‌ನ ಡೈನಾಮಿಕ್ಸ್ ನ್ಯಾವ್ ಕನ್‌ಕರೆಂಟ್ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು. 2018ರಲ್ಲಿ ಅದರ ಜಾಗಕ್ಕೆ ಬಂದ ಬಿಸಿನೆಸ್ ಸೆಂಟ್ರಲ್ ಹೆಸರಿನ ಲೆಕ್ಕಕ್ಕೆ ಹೊರಳಿತು. ನಿಮ್ಮ ಹಳೆಯ ಒಪ್ಪಂದದಲ್ಲಿ ಕನ್‌ಕರೆಂಟ್ ಹಕ್ಕು ಇನ್ನೂ ಉಳಿದಿದ್ದರೆ ಅದೊಂದು ಆಸ್ತಿ. ಹೊಸ ಆವೃತ್ತಿಗೆ ಬನ್ನಿ ಎಂಬ ಸವಿಮಾತಿನ ನಡುವೆ ಅದನ್ನು ಬಿಟ್ಟುಕೊಡುವ ಮುನ್ನ ಅದರ ಬೆಲೆ ಎಷ್ಟೆಂದು ತಿಳಿದಿರಬೇಕು.

300 ಖಾತೆಗಳ ಒಳಗೆ ಯಾರಿದ್ದಾರೆ

ನಮ್ಮ ಕಾರ್ಖಾನೆಗೆ ಮರಳೋಣ. ಕಳೆದ 90 ದಿನಗಳ ಲಾಗಿನ್ ದಾಖಲೆಯನ್ನು ಸಿಬ್ಬಂದಿ ವಿಭಾಗದ ಪಟ್ಟಿಯೊಂದಿಗೆ ಹೋಲಿಸಿದರೆ 300 ಖಾತೆಗಳು ಹೀಗೆ ಒಡೆಯುತ್ತವೆ. 12 ಖಾತೆಗಳು ಕೆಲಸ ಬಿಟ್ಟುಹೋದವರದ್ದು, ಯಾರೂ ಮುಚ್ಚಿಲ್ಲ. 41 ಮಂದಿ ಕೆಲಸದಲ್ಲಿದ್ದಾರೆ, ಆದರೆ 90 ದಿನಗಳಲ್ಲಿ ಒಮ್ಮೆಯೂ ಲಾಗಿನ್ ಆಗಿಲ್ಲ. 70 ಮಂದಿ ತಿಂಗಳಿಗೆ ಒಂದೆರಡು ಬಾರಿ ಬಂದು ರಜೆ ಅಥವಾ ಖರೀದಿಗೆ ಅನುಮೋದನೆ ಒತ್ತಿ ಹೋಗುತ್ತಾರೆ. 96 ಮಂದಿ ಉತ್ಪಾದನಾ ವಿಭಾಗದವರು. ಮೂರು ಪಾಳಿ, ಪಾಳಿಗೆ 32 ಜನ, ಎಲ್ಲರೂ ಸರದಿಯಂತೆ ಬಳಸುವುದು 12 ಟರ್ಮಿನಲ್‌ಗಳನ್ನು. ಉಳಿದ 81 ಮಂದಿಗೆ ಮಾತ್ರ ಇಆರ್‌ಪಿ ದಿನವಿಡೀ ಬೇಕು.

ಮೊದಲ 53 ಖಾತೆಗಳನ್ನು ತೆಗೆದರೆ 247 ಉಳಿಯುತ್ತವೆ, ಬಿಲ್ಲು 24,700. ಖರೀದಿ ವಿಭಾಗ ನಾಲ್ಕು ಸಭೆಯಲ್ಲಿ ಗಳಿಸಿದ್ದು ಹೆಚ್ಚುಕಡಿಮೆ ಇಷ್ಟೇ. ಇಲ್ಲಿ ಒಂದು ಎಚ್ಚರ: 90 ದಿನ ಎಂಬುದು ಮಂತ್ರವಲ್ಲ. ವರ್ಷಾಂತ್ಯದ ದಾಸ್ತಾನು ಎಣಿಕೆಗೋ ಲೆಕ್ಕಪರಿಶೋಧನೆಗೋ ಮಾತ್ರ ಒಳಬರುವವರು ಆ ಕಿಟಕಿಯಿಂದ ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ 41 ಮಂದಿಯ ಹೆಸರನ್ನು ಅವರ ವಿಭಾಗದ ಮುಖ್ಯಸ್ಥರಿಗೆ ತೋರಿಸಿಯೇ ಖಾತೆ ಮುಚ್ಚಬೇಕು.

ಮುಂದಿನ ಹೆಜ್ಜೆ ಬಳಕೆದಾರರ ದರ್ಜೆ. ವೆಂಡರ್‌ಗಳ ಬೆಲೆಪಟ್ಟಿಯಲ್ಲಿ ಸಾಮಾನ್ಯವಾಗಿ ಪೂರ್ಣ ಬಳಕೆದಾರರ ಜೊತೆಗೆ ಒಂದೆರಡು ಅಗ್ಗದ ದರ್ಜೆಗಳಿರುತ್ತವೆ. ನಮ್ಮ ಉದಾಹರಣೆಯಲ್ಲಿ ಅನುಮೋದನೆ ಮಾತ್ರ ಕೊಡುವವರಿಗೆ 20 ಯೂನಿಟ್, ಉತ್ಪಾದನಾ ದಾಖಲಾತಿ ಮಾಡುವವರಿಗೆ 30 ಯೂನಿಟ್ ಎಂದಿಟ್ಟುಕೊಳ್ಳೋಣ. ಆಗ ಪೂರ್ಣ ಬಳಕೆದಾರರು 81, ಅಂದರೆ 8,100. ಅನುಮೋದಕರು 70, ಅಂದರೆ 1,400. ಉತ್ಪಾದನೆಯವರು 96, ಅಂದರೆ 2,880. ಒಟ್ಟು 12,380. ಎಸ್‌ಎಪಿಯ ಕ್ಲೌಡ್ ಲೆಕ್ಕದಲ್ಲೂ ಇದೇ ತರ್ಕವಿದೆ: ಒಂದು ಪೂರ್ಣ ಬಳಕೆಯ ಮಾನದಲ್ಲಿ ಒಬ್ಬ ಅಡ್ವಾನ್ಸ್‌ಡ್ ಬಳಕೆದಾರ, ಅಥವಾ 5 ಕೋರ್ ಬಳಕೆದಾರರು, ಅಥವಾ 30 ಸೆಲ್ಫ್ ಸರ್ವಿಸ್ ಬಳಕೆದಾರರು ಹಿಡಿಯುತ್ತಾರೆ. ಅಗ್ಗದ ದರ್ಜೆಯಲ್ಲಿ ಇರಬೇಕಾದ ಒಬ್ಬರನ್ನು ಮೇಲಿನ ದರ್ಜೆಯಲ್ಲಿ ಇಟ್ಟರೆ 30 ಜನರ ಲೈಸೆನ್ಸ್ ಒಂದೇ ಖಾತೆಗೆ ಹೋದಂತೆ.

ಅಡ್ಡಿ ಎದುರಾಗುವುದು ಇಲ್ಲೇ. ದರ್ಜೆಯನ್ನು ನಿರ್ಧರಿಸುವುದು ಆ ವ್ಯಕ್ತಿ ಏನು ಮಾಡುತ್ತಾನೆ ಎಂಬುದೇ, ಏನು ಮಾಡಲು ಅವನಿಗೆ ಅನುಮತಿ ಇದೆ ಎಂಬುದೇ? ಎಸ್‌ಎಪಿಯ ಈಗಿನ ಇಆರ್‌ಪಿಯಾದ ಎಸ್/4ಹಾನಾದ ಅಳತೆ ನಿಂತಿರುವುದು ಅನುಮತಿಯ ಮೇಲೆ. ನಮ್ಮ 70 ಅನುಮೋದಕರ ಪೈಕಿ 45 ಮಂದಿಗೆ ಯಾವತ್ತೋ ಯಾರದೋ ರೋಲ್, ಅಂದರೆ ಅನುಮತಿಗಳ ಕಟ್ಟನ್ನೇ, ನಕಲು ಮಾಡಿ ಕೊಟ್ಟಿದ್ದಾರೆ, ಅದರಲ್ಲಿ ಖರೀದಿ ಆದೇಶ ಸೃಷ್ಟಿಸುವ ಅನುಮತಿಯೂ ಸೇರಿಕೊಂಡಿದೆ. ಅವರು ಅದನ್ನು ಒಮ್ಮೆಯೂ ಬಳಸಿಲ್ಲ. ಆದರೂ ಅನುಮತಿಯ ಲೆಕ್ಕದಲ್ಲಿ ಅವರು ಪೂರ್ಣ ಬಳಕೆದಾರರೇ. ಬಿಲ್ಲು 15,980ಕ್ಕೆ ಏರುತ್ತದೆ. 3,600 ಯೂನಿಟ್‌ಗಳ ಈ ವ್ಯತ್ಯಾಸವನ್ನು ಯಾವ ಚೌಕಾಸಿಯೂ ತೆಗೆಯುವುದಿಲ್ಲ. ರೋಲ್‌ಗಳನ್ನು ಕೂತು ಬಿಡಿಸಬೇಕು, ಪರೀಕ್ಷಿಸಬೇಕು, ಅನುಮೋದನೆ ನಿಂತುಹೋಯಿತು ಎಂದು ಫೋನು ಬಂದಾಗ ಉತ್ತರ ಕೊಡಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು. ಇಂಥ ನವೀಕರಣಗಳಲ್ಲಿ ನನಗೆ ಕಂಡಂತೆ, ಲೈಸೆನ್ಸ್ ಹಣ ಹೆಚ್ಚಾಗಿ ಸೋರುವುದು ರೋಲ್ ನಕಲು ಮಾಡುವ ಆ ಒಂದು ಅಭ್ಯಾಸದಿಂದ.

ಹಳೆಯ ಎಸ್‌ಎಪಿ ವ್ಯವಸ್ಥೆಗಳಲ್ಲಿ ಇನ್ನೊಂದು ಬಗೆಯ ಸೋರಿಕೆ ಇದೆ. ಅಲ್ಲಿ ಅಳತೆ ನಡೆಸುವ ಟ್ರಾನ್ಸಾಕ್ಷನ್ `USMM`. ಯಾವ ಖಾತೆಗೆ ದರ್ಜೆ ಗುರುತು ಹಾಕಿಲ್ಲವೋ ಅದು ತಾನಾಗಿ ದುಬಾರಿ ದರ್ಜೆಗೆ ಬೀಳುತ್ತದೆ. ವೆಂಡರ್ ಅಳತೆ ಕೇಳುವ ಮೊದಲೇ ಅದನ್ನು ನೀವೇ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು.

ಕನ್‌ಕರೆಂಟ್ ಲೆಕ್ಕ ನಿಜಕ್ಕೂ ಅಗ್ಗವೇ

ಮೂರು ಪಾಳಿ ಇರುವಲ್ಲಿ ಕನ್‌ಕರೆಂಟ್ ಲಾಭ ಎಂಬ ಮಾತು ಸಲಹೆಗಾರರ ಬಾಯಲ್ಲಿ ಸದಾ ಇರುತ್ತದೆ. ಲೆಕ್ಕ ಹಾಕದೆ ನಂಬಬೇಡಿ. ಒಂದು ಕನ್‌ಕರೆಂಟ್ ಲೈಸೆನ್ಸ್ ಒಂದು ನೇಮ್ಡ್‌ಗಿಂತ ಸಹಜವಾಗಿಯೇ ದುಬಾರಿ. ನಮ್ಮ ಉದಾಹರಣೆಯಲ್ಲಿ 260 ಯೂನಿಟ್ ಎಂದಿಟ್ಟುಕೊಳ್ಳೋಣ. ಬೇಕಾಗುವುದು ಒಂದೇ ಸಂಖ್ಯೆ: ತುಂಬಾ ಜನ ಒಳಗಿದ್ದ ಕ್ಷಣದಲ್ಲಿ ಎಷ್ಟು ಮಂದಿ ಇದ್ದರು? ಸರಾಸರಿ ನೋಡಿದರೆ ಮೋಸ ಹೋಗುತ್ತೀರಿ, ತಿಂಗಳ ಕೊನೆಯ ಬೆಳಗ್ಗೆ ಜನ ಹೊರಗೆ ನಿಲ್ಲುತ್ತಾರೆ. ಸೆಷನ್ ದಾಖಲೆ ಇದ್ದರೆ ಈ ಸಂಖ್ಯೆ ತೆಗೆಯುವುದು ಸುಲಭ. ಪ್ರತಿ ಲಾಗಿನ್‌ಗೆ ಒಂದು ಕೂಡಿ, ಪ್ರತಿ ಲಾಗೌಟ್‌ಗೆ ಒಂದು ಕಳೆದು, ಕಾಲಕ್ರಮದಲ್ಲಿ ಮೊತ್ತ ಹಾಕುತ್ತ ಹೋದರೆ ಆಯಿತು:

```sql
SELECT t, SUM(d) OVER (ORDER BY t, d) AS live
FROM (SELECT login_at AS t, 1 AS d FROM sessions
      UNION ALL
      SELECT logout_at, -1 FROM sessions) x
ORDER BY live DESC;
```

ಲಾಗೌಟ್ ಸಮಯ ಖಾಲಿ ಇರುವ ಸಾಲುಗಳು ಇದ್ದೇ ಇರುತ್ತವೆ. ಬ್ರೌಸರ್ ಮುಚ್ಚಿ ಎದ್ದುಹೋದವರು ಅವರು. ಅಲ್ಲಿ ಕೊನೆಯ ಚಟುವಟಿಕೆಗೆ ಟೈಮ್‌ಔಟ್ ಅವಧಿಯನ್ನು ಸೇರಿಸಿ ಸಮಯ ತುಂಬಿಕೊಳ್ಳಬೇಕು. ಈ ಟೈಮ್‌ಔಟ್ ಎಂಬುದು ನೋಡಲು ಚಿಕ್ಕ ಸೆಟ್ಟಿಂಗ್, ಆದರೆ ಬಿಲ್ಲನ್ನು ಅಲುಗಾಡಿಸುತ್ತದೆ. ನಮ್ಮ ಕಾರ್ಖಾನೆಯಲ್ಲಿ ಗರಿಷ್ಠ ಸಂಖ್ಯೆ 94 ಬಂದದ್ದು ಪಾಳಿ ಬದಲಾಗುವ ಹೊತ್ತಿಗೆ. ಹಿಂದಿನ ಪಾಳಿಯವರು ಲಾಗೌಟ್ ಮಾಡದೆ ಹೋಗಿದ್ದರು, ಟೈಮ್‌ಔಟ್ 60 ನಿಮಿಷ ಇತ್ತು, ಹೊಸ ಪಾಳಿಯವರು ಅದರ ಮೇಲೆ ಬಂದು ಕೂತರು. ಟೈಮ್‌ಔಟನ್ನು 15 ನಿಮಿಷಕ್ಕೆ ಇಳಿಸಿದಾಗ ಗರಿಷ್ಠ 78ಕ್ಕೆ ಬಂತು. ಅದಕ್ಕೆ ಶೇ 10ರಷ್ಟು ಉಸಿರಾಡಲು ಜಾಗ ಬಿಟ್ಟರೆ 86 ಲೈಸೆನ್ಸ್, 22,360 ಯೂನಿಟ್.

ಎಲ್ಲರನ್ನೂ ಪೂರ್ಣ ದರದಲ್ಲಿ ಹೆಸರು ಹಾಕಿದ 24,700ಕ್ಕೆ ಹೋಲಿಸಿದರೆ ಕನ್‌ಕರೆಂಟ್ ಗೆದ್ದಿತು. ದರ್ಜೆಗಳಾಗಿ ಒಡೆದ 12,380ರ ಮುಂದೆ ಸೋತಿತು. ಉತ್ಪಾದನಾ ವಿಭಾಗವನ್ನು ಮಾತ್ರ ಬೇರೆಯಾಗಿ ನೋಡಿದರೂ ಹಾಗೆಯೇ: 96 ಜನಕ್ಕೆ 30ರಂತೆ 2,880 ಆದರೆ, ಅವರ 12 ಟರ್ಮಿನಲ್‌ಗಳಿಗೆ ಎರಡು ಹೆಚ್ಚುವರಿ ಸೇರಿಸಿ 14 ಕನ್‌ಕರೆಂಟ್ ತೆಗೆದುಕೊಂಡರೆ 3,640. ಆದರೆ ವೆಂಡರ್ ಬಳಿ ಆ 30ರ ದರ್ಜೆಯೇ ಇಲ್ಲದಿದ್ದರೆ 96 ಜನಕ್ಕೆ 9,600 ತೆರಬೇಕಾಗಿ ಬರುತ್ತಿತ್ತು, ಆಗ ಕನ್‌ಕರೆಂಟ್ ಕಣ್ಣುಮುಚ್ಚಿ ಆರಿಸಬಹುದಾದ ದಾರಿ. ಅಂದರೆ ತೀರ್ಪು ಕೊಡುವುದು ಪಾಳಿಗಳಲ್ಲ, ವೆಂಡರ್‌ನ ಅಗ್ಗದ ದರ್ಜೆ ಎಷ್ಟು ಅಗ್ಗ ಎಂಬುದು. ಹಂಚಿಕೊಂಡ ಟರ್ಮಿನಲ್‌ಗಳಿಗೆ ಮೂರನೆಯ ದಾರಿಯೂ ಇರಬಹುದು: ಡೈನಾಮಿಕ್ಸ್ 365ರಲ್ಲಿರುವಂತೆ ಯಂತ್ರದ ಮೇಲೆ ಲೈಸೆನ್ಸ್. ಅದರ ಮುಂದೆ ಎಷ್ಟು ಜನ ಕೂತೆದ್ದರೂ ಲೆಕ್ಕ ಒಂದೇ.

ಕನ್‌ಕರೆಂಟ್ ಆರಿಸಿದರೆ ಎರಡು ವಿಷಯ ಬರಹದಲ್ಲಿ ಇರಬೇಕು. ಒಬ್ಬರೇ ಮೂರು ಕಿಟಕಿ ತೆರೆದರೆ ಅದು ಒಂದೋ, ಮೂರೋ? ಮಿತಿ ಮುಟ್ಟಿದಾಗ ಮುಂದಿನವರನ್ನು ವ್ಯವಸ್ಥೆ ತಡೆಯುತ್ತದೆಯೋ, ಒಳಗೆ ಬಿಟ್ಟು ಸದ್ದಿಲ್ಲದೆ ಬರೆದಿಟ್ಟುಕೊಂಡು ಆಡಿಟ್‌ನಲ್ಲಿ ಬಿಲ್ಲು ಕೊಡುತ್ತದೆಯೋ? ತಡೆದರೆ ಕೆಲಸ ನಿಲ್ಲುತ್ತದೆ, ಆದರೆ ಗೊತ್ತಾಗುತ್ತದೆ. ಬಿಟ್ಟರೆ ಗೊತ್ತಾಗುವ ಹೊತ್ತಿಗೆ ಮೂರು ವರ್ಷದ ಬಾಕಿ ನಿಂತಿರುತ್ತದೆ.

ಇನ್ನು ನೇಮ್ಡ್ ಲೈಸೆನ್ಸನ್ನು ಪಾಳಿಯಲ್ಲಿ ಹಂಚಿಕೊಂಡು, ಒಂದೇ ಐಡಿಯಲ್ಲಿ ಮೂವರು ಕೆಲಸ ಮಾಡುವ ಜಾಣತನ. ಇದು ನೇರ ಒಪ್ಪಂದ ಉಲ್ಲಂಘನೆ, ಪತ್ತೆ ಹಚ್ಚುವುದೂ ಸುಲಭ. ಎಸ್‌ಎಪಿಯಲ್ಲಿ ಒಂದೇ ಐಡಿಯ ಏಕಕಾಲದ ಲಾಗಿನ್‌ಗಳು `USR41_MLD` ಎಂಬ ಟೇಬಲ್‌ನಲ್ಲಿ ದಾಖಲಾಗುತ್ತವೆ.

ಲಾಗಿನ್ ಆಗದೆಯೇ ಬಳಸುವವರು

ತಲೆ ಎಣಿಸಿ ಮುಗಿಸಿದೆವು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿರುತ್ತದೆ. ವೆಬ್‌ಸೈಟ್, ಮೊಬೈಲ್ ಆ್ಯಪ್, ಮಾರಾಟ ತಂತ್ರಾಂಶ ಇವುಗಳ ಮೂಲಕ ಇಆರ್‌ಪಿಗೆ ಆರ್ಡರ್ ಹಾಕುವವರು ಬಳಕೆದಾರರೇ? 2017ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಮುಂದೆ ಇದೇ ಪ್ರಶ್ನೆ ಇತ್ತು. ಮದ್ಯ ತಯಾರಿಕಾ ಕಂಪನಿ ಡಿಯಾಜಿಯೊ, ಸೇಲ್ಸ್‌ಫೋರ್ಸ್ ಮೇಲೆ ಕಟ್ಟಿದ ಎರಡು ತಂತ್ರಾಂಶಗಳನ್ನು ಎಸ್‌ಎಪಿಗೆ ಜೋಡಿಸಿತ್ತು. ನಡುವೆ ಎಸ್‌ಎಪಿಯದೇ ಜೋಡಣಾ ತಂತ್ರಾಂಶವಿತ್ತು, ಅದಕ್ಕೆ ಹಣವನ್ನೂ ಕೊಟ್ಟಿತ್ತು. ಆದರೂ ಆ ದಾರಿಯಲ್ಲಿ ಬರುವ ಮಾರಾಟ ಪ್ರತಿನಿಧಿಗಳು ಮತ್ತು ಗ್ರಾಹಕರು ಎಸ್‌ಎಪಿಯನ್ನು ಪರೋಕ್ಷವಾಗಿ ಬಳಸುತ್ತಿದ್ದಾರೆ, ಅವರಿಗೂ ನೇಮ್ಡ್ ಲೈಸೆನ್ಸ್ ಬೇಕು ಎಂದು ನ್ಯಾಯಾಲಯ ಹೇಳಿತು. ಎಸ್‌ಎಪಿ ಕೇಳಿದ್ದು 5.4 ಕೋಟಿ ಪೌಂಡ್‌ಗೂ ಹೆಚ್ಚು. ಮರುವರ್ಷ, 2018ರ ಏಪ್ರಿಲ್‌ನಲ್ಲಿ ಎಸ್‌ಎಪಿ ಇನ್ನೊಂದು ಅಳತೆಗೋಲು ತಂದಿತು: ಹೊರಗಿನ ವ್ಯವಸ್ಥೆಗಳಿಂದ ಸೃಷ್ಟಿಯಾಗುವ ಒಂಬತ್ತು ಬಗೆಯ ದಾಖಲೆಗಳನ್ನು ಎಣಿಸಿ ಶುಲ್ಕ.

ದಾಖಲೆ ಎಣಿಕೆ ತಲೆ ಎಣಿಕೆಗಿಂತ ಸ್ಪಷ್ಟ ಎಂಬುದು ನಿಜ. ಆದರೆ ಅದು ವ್ಯಾಪಾರದೊಂದಿಗೆ ಬೆಳೆಯುತ್ತದೆ. ಆರ್ಡರ್ ದುಪ್ಪಟ್ಟಾದರೆ ಎಣಿಕೆಯೂ ದುಪ್ಪಟ್ಟು. ಯಾವ ವೆಂಡರ್ ಜೊತೆಗಾದರೂ ಸರಿ, ನವೀಕರಣದ ಹೊತ್ತಿಗೆ ಇಆರ್‌ಪಿಗೆ ಜೋಡಿಸಿರುವ ಹೊರಗಿನ ವ್ಯವಸ್ಥೆಗಳನ್ನೆಲ್ಲ ಹೆಸರಿಸಿ ಒಂದು ಅನುಬಂಧ ಬರೆಸಿಕೊಳ್ಳಿ, ಇವುಗಳ ಬಳಕೆ ಈಗಿನ ಶುಲ್ಕದಲ್ಲಿ ಸೇರಿದೆ ಎಂಬ ಒಂದು ವಾಕ್ಯದೊಂದಿಗೆ. ಸಹಿಗೆ ಮುನ್ನ ಕೇಳಿದರೆ ಇದು ಸಾಮಾನ್ಯವಾಗಿ ಸಿಗುತ್ತದೆ. ಆಡಿಟ್ ನೋಟಿಸ್ ಬಂದ ಮೇಲೆ ಸಿಗುವುದಿಲ್ಲ.

ಮೇಜಿನ ಮೇಲೆ ಏನು ಕೇಳಬೇಕು

ಬಾಡಿಗೆಯೋ ಸ್ವಂತವೋ ಎಂಬ ಪ್ರಶ್ನೆಯನ್ನು ಮೊದಲು ಮುಗಿಸೋಣ. ಶಾಶ್ವತ ಲೈಸೆನ್ಸ್‌ಗೆ ತಲೆಗೆ 250 ಯೂನಿಟ್, ಅದರ ಮೇಲೆ ವರ್ಷಕ್ಕೆ ಶೇ 22 ನಿರ್ವಹಣಾ ಶುಲ್ಕ. ಒರಾಕಲ್‌ನ ಸಪೋರ್ಟ್, ಎಸ್‌ಎಪಿಯ ಎಂಟರ್‌ಪ್ರೈಸ್ ಸಪೋರ್ಟ್ ಇರುವುದು ಇದೇ ಆಸುಪಾಸಿನಲ್ಲಿ. ಅಂದರೆ ವರ್ಷಕ್ಕೆ 55. ಸಬ್‌ಸ್ಕ್ರಿಪ್ಷನ್ ವರ್ಷಕ್ಕೆ 100. ಎರಡೂ ಸಮವಾಗುವುದು ಸುಮಾರು ಐದೂವರೆ ವರ್ಷಕ್ಕೆ. ಹೊಸದಾಗಿ ಕೊಳ್ಳುವವರಿಗೆ ಈ ಲೆಕ್ಕ ಸರಿ. ಆದರೆ ಈಗಾಗಲೇ ಲೈಸೆನ್ಸ್ ಇರುವವರಿಗೆ 250 ಎಂಬುದು ಎಂದೋ ಕೊಟ್ಟು ಮುಗಿಸಿದ ಹಣ. ಅವರು ಹೋಲಿಸಬೇಕಾದದ್ದು 55 ಮತ್ತು 100ನ್ನು. ಸಬ್‌ಸ್ಕ್ರಿಪ್ಷನ್‌ನ 100ರಲ್ಲಿ ಸರ್ವರ್, ಬ್ಯಾಕಪ್, ಅಪ್‌ಗ್ರೇಡ್ ಸೇರಿದ್ದರೆ ನಿಮ್ಮ 55ಕ್ಕೆ ಆ ಖರ್ಚನ್ನೂ ಕೂಡಿಸಿ ನೋಡಬೇಕು, ಇಲ್ಲವಾದರೆ ವೆಂಡರ್‌ಗೆ ಅನ್ಯಾಯ. ಹಳೆಯ ಲೈಸೆನ್ಸ್ ಒಪ್ಪಿಸಿದರೆ ಸಬ್‌ಸ್ಕ್ರಿಪ್ಷನ್‌ನಲ್ಲಿ ಇಷ್ಟು ವಿನಾಯಿತಿ ಎಂಬ ಪ್ರಸ್ತಾಪವೂ ಬರುತ್ತದೆ. ಒಪ್ಪಿಸಿದ ಮೇಲೆ ಅದು ಹೋಯಿತು. ಮುಂದೊಮ್ಮೆ ಹಣ ಕಟ್ಟದಿದ್ದರೆ ತಂತ್ರಾಂಶ ತೆರೆಯುವ ಹಕ್ಕೇ ಇರುವುದಿಲ್ಲ. ಎಸ್‌ಎಪಿಯ ಹಳೆಯ ಇಸಿಸಿ 6.0ರ ಈಚಿನ ಆವೃತ್ತಿಗಳಿಗೆ ಮುಖ್ಯ ನಿರ್ವಹಣೆ 2027ರ ಕೊನೆಗೆ ನಿಲ್ಲುವುದರಿಂದ ಹಲವು ಸಂಸ್ಥೆಗಳ ಮುಂದೆ ಈ ಪ್ರಸ್ತಾಪ ಈಗ ಇದ್ದೇ ಇದೆ. ನಿರ್ವಹಣೆ ನಿಲ್ಲುವುದು ಬೇರೆ, ಬಳಸುವ ಹಕ್ಕು ನಿಲ್ಲುವುದು ಬೇರೆ ಎಂಬುದನ್ನು ಆ ಗಡಿಬಿಡಿಯಲ್ಲಿ ಮರೆಯಬಾರದು.

ಸಬ್‌ಸ್ಕ್ರಿಪ್ಷನ್‌ನಲ್ಲಿ ನಾನು ಮೊದಲು ಹುಡುಕುವುದು ಬೆಲೆ ಏರಿಕೆಯ ಮಿತಿಯನ್ನು. ನವೀಕರಣದಲ್ಲಿ ಏರಿಕೆ ಶೇ 5 ಮೀರುವುದಿಲ್ಲ ಎಂದು ಬರೆದಿರುತ್ತದೆ, ಓದಿದವರು ನೆಮ್ಮದಿಯಾಗಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಯಾವುದರ ಮೇಲೆ ಶೇ 5? ನಮ್ಮ ಕಾರ್ಖಾನೆ ಕೊಡುತ್ತಿರುವ 100 ಯೂನಿಟ್, 160ರ ಪಟ್ಟಿ ಬೆಲೆಯ ಮೇಲೆ ಮೊದಲ ಅವಧಿಗೆಂದು ಸಿಕ್ಕ ರಿಯಾಯಿತಿಯ ನಂತರದ ದರ. ಮಿತಿ ಪಟ್ಟಿ ಬೆಲೆಗೆ ಅಂಟಿಕೊಂಡಿದ್ದರೆ ಮುಂದಿನ ದರ 168 ಆಗಬಹುದು, ಶೇ 68ರ ಏರಿಕೆ, ಅದೂ ಒಪ್ಪಂದದ ಅಕ್ಷರ ಮುರಿಯದೆ. ಹಿಂದಿನ ಅವಧಿಯಲ್ಲಿ ನಿಜವಾಗಿ ಕೊಟ್ಟ ದರದ ಮೇಲೆ ಎಂದು ಬರೆಸಿದರೆ 105. ಜೊತೆಗೆ ಬಳಕೆದಾರರ ಸಂಖ್ಯೆ ಇಳಿದರೂ ಈ ಮಿತಿ ಊರ್ಜಿತ ಎಂಬ ಮಾತೂ ಬೇಕು. ಇಲ್ಲದಿದ್ದರೆ 53 ಖಾತೆ ಕಡಿಮೆ ಮಾಡಿದ ದಿನ ಸಂಖ್ಯೆ ಕಡಿಮೆಯಾದ್ದರಿಂದ ರಿಯಾಯಿತಿ ಮರುಪರಿಶೀಲನೆ ಎಂಬ ಪತ್ರ ಬರುತ್ತದೆ, ಉಳಿಸಿದ್ದೆಲ್ಲ ದರದ ಏರಿಕೆಯಲ್ಲಿ ಕರಗುತ್ತದೆ. ಒರಾಕಲ್‌ನ ಶಾಶ್ವತ ಲೈಸೆನ್ಸ್‌ಗಳಲ್ಲಂತೂ, ಒಟ್ಟಿಗೆ ಕೊಂಡವುಗಳ ಪೈಕಿ ಕೆಲವಕ್ಕೆ ಮಾತ್ರ ಸಪೋರ್ಟ್ ಕೈಬಿಟ್ಟರೆ ಉಳಿದವುಗಳ ಸಪೋರ್ಟ್ ದರವನ್ನು ಮತ್ತೆ ಲೆಕ್ಕ ಹಾಕುವುದು ಪ್ರಕಟಿತ ನೀತಿಯೇ.

ಎರಡನೆಯದು ಇಳಿಸುವ ಹಕ್ಕು. ಅವಧಿಯ ನಡುವೆ ಸಂಖ್ಯೆ ಏರಿಸಲು ಯಾವತ್ತೂ ಸ್ವಾಗತ. ಇಳಿಸಲು ಬಾಗಿಲು ಇರುವುದು ನವೀಕರಣದ ದಿನ ಮಾತ್ರ. ವರ್ಷಕ್ಕೊಮ್ಮೆ ಶೇ 10ರವರೆಗೆ ಇಳಿಸಬಹುದು ಎಂದು ಕೇಳಿ ನೋಡಿ. ಸಿಗದಿದ್ದರೆ ಅದಲುಬದಲಿನ ಹಕ್ಕು ಕೇಳಿ: ಒಟ್ಟು ಮೊತ್ತ ಇಳಿಯದಂತೆ ಹತ್ತು ಪೂರ್ಣ ಬಳಕೆದಾರರನ್ನು ಕೊಟ್ಟು ಅಗ್ಗದ ದರ್ಜೆಯವರನ್ನೋ ಬೇರೆ ಮಾಡ್ಯೂಲನ್ನೋ ಪಡೆಯುವುದು. ಆದಾಯ ಕಡಿಮೆಯಾಗದ ಕಾರಣ ವೆಂಡರ್‌ನ ಪ್ರತಿನಿಧಿಗೆ ಒಪ್ಪುವುದು ಸುಲಭ.

ಮೂರನೆಯದು ದಿನಾಂಕ. ತಾನಾಗಿ ನವೀಕರಣವಾಗುವ ಒಪ್ಪಂದಗಳಲ್ಲಿ, ಬೇಡ ಎನ್ನಲು ಅಥವಾ ಸಂಖ್ಯೆ ಇಳಿಸಲು ಅವಧಿ ಮುಗಿಯುವ 30, 60 ಅಥವಾ 90 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ನಮ್ಮ ಕಾರ್ಖಾನೆಯ ಕೋಟೇಶನ್ ಬಂದದ್ದು 80 ದಿನ ಇರುವಾಗ, ನೋಟಿಸ್ ಗಡುವು 90. ಅಂದರೆ 300 ಎಂಬ ಸಂಖ್ಯೆ ಆಗಲೇ ಗಟ್ಟಿಯಾಗಿತ್ತು. ಶೇ 12 ರಿಯಾಯಿತಿ ವೆಂಡರ್‌ಗೆ ಕೊಡಲು ಕಷ್ಟವಿಲ್ಲದ ಔದಾರ್ಯ. ಹಾಗಾಗಿ ಹಿಂದಕ್ಕೆ ಎಣಿಸಿ. ಗಡುವಿಗೆ ಒಂದು ತಿಂಗಳು ಮೊದಲು ಸಂಖ್ಯೆ ತೀರ್ಮಾನವಾಗಿರಬೇಕು, ರೋಲ್ ಬಿಡಿಸಲು ಅದಕ್ಕೂ ಮೊದಲು ಮೂರು ತಿಂಗಳು, 90 ದಿನಗಳ ದಾಖಲೆ ಒಟ್ಟುಮಾಡಲು ಅದಕ್ಕೂ ಮೊದಲು ಮೂರು ತಿಂಗಳು. ಒಪ್ಪಂದ ಮುಗಿಯುವ ಹತ್ತು ತಿಂಗಳು ಮೊದಲೇ ಕೆಲಸ ಆರಂಭವಾಗಬೇಕು. ಸೆಷನ್ ದಾಖಲೆಯನ್ನು 30 ದಿನಕ್ಕೇ ಅಳಿಸುವ ಸೆಟ್ಟಿಂಗ್ ಇದ್ದರೆ ಅದನ್ನು ಮೊದಲ ದಿನವೇ ಬದಲಿಸಿ.

ಕೊನೆಗೆ ಸಹಿ ಹಾಕುವ ಕಾಗದದ ಬಗ್ಗೆ. ಆರ್ಡರ್ ಫಾರ್ಮ್ ಎರಡು ಪುಟ ಇರುತ್ತದೆ. ಬಳಕೆದಾರ ಎಂದರೆ ಯಾರು, ಪರೋಕ್ಷ ಬಳಕೆ ಎಂದರೇನು ಎಂಬ ವ್ಯಾಖ್ಯೆಗಳು ಅದರಲ್ಲಿ ಇರುವುದಿಲ್ಲ. ಅವು ಒಂದು ವೆಬ್ ವಿಳಾಸದಲ್ಲಿರುತ್ತವೆ, ಆ ಪುಟವನ್ನು ವೆಂಡರ್ ಯಾವಾಗ ಬೇಕಾದರೂ ಬದಲಿಸಬಹುದು. ಸಹಿಯ ದಿನ ಆ ಪುಟವನ್ನು ಮುದ್ರಿಸಿ, ಈ ಅವಧಿ ಮುಗಿಯುವವರೆಗೆ ಇದೇ ಪ್ರತಿ ಅನ್ವಯ ಎಂದು ಬರೆಸಿ, ಒಪ್ಪಂದಕ್ಕೆ ಅನುಬಂಧವಾಗಿ ಲಗತ್ತಿಸಿ ಎರಡೂ ಕಡೆಯವರು ಸಹಿ ಮಾಡಬೇಕು.